ಮುಳ್ಳು 8:50ಕ್ಕಿಟ್ಟು ಒಂದು ಫೋಟೊ ಕಳಿಸಿ

ಹೋದ ವರ್ಷ ದಸರಾ ಮುಗಿದ ವಾರ ಅಕ್ಕನ ಮಗ ಮೈಸೂರಿನಿಂದ ಮೂರು ಫೋಟೊ ಕಳಿಸಿ ಕೆಳಗೆ ‘ಮಾಮ, ತಗೊಳ್ಳಲಾ?’ ಎಂದು ಬರೆದಿದ್ದ. ನೀಲಿ ಡಯಲಿನ ಒಮೆಗಾ ಸೀಮಾಸ್ಟರ್ ವಾಚು, ಮಾರುವವರು ಉಡುಪಿಯವರು, ಬೆಲೆ 1,75,000 ರೂಪಾಯಿ. ಒಂದು ಫೋಟೊ ಜಾಹೀರಾತಿನಿಂದ ಎತ್ತಿದಂತೆ ನುಣ್ಣಗಿತ್ತು. ಇನ್ನೊಂದರಲ್ಲಿ ವಾಚು ಯಾರದೋ ಮಣಿಕಟ್ಟಿನ ಮೇಲೆ ಮಸುಕಾಗಿ ಕಾಣುತ್ತಿತ್ತು. ಮೂರನೆಯದರಲ್ಲಿ ಇದ್ದದ್ದು ಕೆಂಪು ಡಬ್ಬಿ ಮಾತ್ರ. ‘ನೀನೇನು ಕೇಳಿದೆ?’ ಎಂದೆ. ‘ಒರಿಜಿನಲ್ಲಾ, ಲಾಸ್ಟ್ ಎಷ್ಟು ಅಂತ ಕೇಳಿದೆ. ನೂರಕ್ಕೆ ನೂರು ಒರಿಜಿನಲ್, ಒಂದೂ ಎಪ್ಪತ್ತಕ್ಕೆ ಕೊಡ್ತೀನಿ ಅಂದ್ರು’ ಎಂದ.

ಒರಿಜಿನಲ್ಲೇ ಎಂದು ಕೇಳಿದರೆ ಯಾರೂ ಅಲ್ಲ ಎನ್ನುವುದಿಲ್ಲ. ನಕಲಿ ಮಾರುವವನೂ ಹೌದೆನ್ನುತ್ತಾನೆ, ಅಪ್ಪನ ವಾಚು ಮಾರುತ್ತಿರುವ ಸಾಚಾ ಮನುಷ್ಯನೂ ಹೌದೆನ್ನುತ್ತಾನೆ. ಆ ಸಾಚಾ ಮನುಷ್ಯನಿಗೂ ನಡುವೆ ಎಲ್ಲೋ ಒಂದು ರಿಪೇರಿ ಅಂಗಡಿಯಲ್ಲಿ ಮುಳ್ಳು ಬದಲಾಗಿದ್ದು ಗೊತ್ತಿರಲಿಕ್ಕಿಲ್ಲ. ಹಾಗಾಗಿ ವಾಚು ಕೈಯಲ್ಲಿದ್ದವರು ಮಾತ್ರ ಉತ್ತರಿಸಬಲ್ಲ ಪ್ರಶ್ನೆಗಳನ್ನು ಕೇಳಬೇಕು. ಒಂದರ ಉತ್ತರವನ್ನು ಇನ್ನೊಂದರ ಪಕ್ಕ ಇಟ್ಟು ತಾಳೆ ನೋಡುವಂತಿರಬೇಕು. ಅವತ್ತು ರಾತ್ರಿ ಇಬ್ಬರೂ ಫೋನಿನಲ್ಲಿ ಕೂತು ಒಂದು ಇಮೇಲ್ ಬರೆದೆವು. ಸೆಕೆಂಡ್ ಹ್ಯಾಂಡ್ ವಾಚು ಕೊಳ್ಳಲು ಹೊರಟವರಿಗೆ ಉಪಯೋಗವಾದೀತೆಂದು ಅದನ್ನೂ, ಅದರಲ್ಲಿನ ಒಂದೊಂದು ಬೇಡಿಕೆಯ ಹಿಂದಿದ್ದ ಲೆಕ್ಕವನ್ನೂ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಈ ವಾಚಿನ ಬಗ್ಗೆ ನಾಲ್ಕು ಮಾತು. ಒಮೆಗಾ ಕಂಪನಿ ಸೀಮಾಸ್ಟರ್ 300 ಮೀಟರ್ ಎಂಬ ಈ ಮುಳುಗುಗಾರರ ವಾಚನ್ನು ತಂದದ್ದು 1993ರಲ್ಲಿ. ಅಲೆ ಅಲೆಯಾಗಿ ಕೊರೆದ ನೀಲಿ ಡಯಲು, 41 ಮಿಲಿಮೀಟರ್ ಅಗಲದ ಸ್ಟೀಲಿನ ಕೇಸು, ಹತ್ತು ಗಂಟೆಯ ಜಾಗದಲ್ಲಿ ಹೀಲಿಯಂ ಅನಿಲ ಹೊರಬಿಡುವ ಇನ್ನೊಂದು ತಿರುಪು. 1995ರ ‘ಗೋಲ್ಡನ್ ಐ’ ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಪಾತ್ರದ ಪಿಯರ್ಸ್ ಬ್ರಾಸ್ನನ್ ಕೈಗೆ ಕಟ್ಟಿದ್ದು ಇದರ ಬ್ಯಾಟರಿ ಮಾದರಿ, ಅದರ ಸಂಖ್ಯೆ 2541.80. 1997ರ ಬಾಂಡ್ ಸಿನಿಮಾದಿಂದಾಚೆಗೆ ಅವನ ಕೈಗೆ ತಾನಾಗಿ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ 2531.80 ಬಂತು. ದೂರದಿಂದ ಎರಡೂ ಅವಳಿ ಜವಳಿ, ಬೆಲೆ ಮಾತ್ರ ಬೇರೆ ಬೇರೆ. ಬಾಂಡ್ ಹೆಸರು ಅಂಟಿಕೊಂಡದ್ದರಿಂದ ನಕಲಿಗಳೂ ಧಾರಾಳವಾಗಿವೆ. ನಮಗೆ ಸಿಕ್ಕ ಜಾಹೀರಾತಿನಲ್ಲಿ 2531.80 ಎಂದಿತ್ತು.

ವಾಟ್ಸ್ಯಾಪ್ ಬಿಟ್ಟು ಇಮೇಲ್ ಬರೆದದ್ದಕ್ಕೆ ಕಾರಣವಿದೆ. ವಾಟ್ಸ್ಯಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ಕೂದಲೆಳೆಯಷ್ಟು ಸಣ್ಣ ಅಕ್ಷರವನ್ನು ಹಿಗ್ಗಿಸಿ ನೋಡಿದರೆ ಕಲೆಸಿದ ಗಂಜಿಯಂತೆ ಕಾಣುತ್ತದೆ. ಇಮೇಲಿಗೆ ಲಗತ್ತಿಸಿದ ಮೂಲ ಫೋಟೊ ಹಾಗೇ ಬರುತ್ತದೆ. ಜೊತೆಗೆ ಅವರು ಏನು ಹೇಳಿದರು, ಯಾವತ್ತು ಹೇಳಿದರು ಎಂಬುದೆಲ್ಲ ಒಂದೇ ಕಡೆ ಉಳಿಯುತ್ತದೆ. ನಾಳೆ ತಕರಾರು ಬಂದರೆ ಅದೇ ದಾಖಲೆ.

ಅವನು ಕಳಿಸಿದ ಪತ್ರ ಇದು. ಹೆಸರು, ನಂಬರು ತೆಗೆದಿದ್ದೇನೆ.

“ವಿಷಯ: ಒಮೆಗಾ ಸೀಮಾಸ್ಟರ್ 2531.80, ಇನ್ನಷ್ಟು ಫೋಟೊ ಮತ್ತು ಕಾಗದಪತ್ರ ಕೋರಿ

ನಮಸ್ಕಾರ ಸರ್,

ನೀವು ಮಾರಾಟಕ್ಕಿಟ್ಟಿರುವ ನೀಲಿ ಡಯಲಿನ ಸೀಮಾಸ್ಟರ್ ಬಗ್ಗೆ ಮೊನ್ನೆ ಮೆಸೇಜು ಮಾಡಿದ್ದೆ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ವಾಚು ನನಗೇ ಬೇಕು, ಕೊಂಡು ಮಾರುವ ವ್ಯಾಪಾರ ನನ್ನದಲ್ಲ. ಬೆಲೆಯ ಚೌಕಾಸಿಗೆ ಈ ಪತ್ರ ಬರೆಯುತ್ತಿಲ್ಲ. ಕೆಳಗೆ ಕೇಳಿರುವ ಫೋಟೊ ಮತ್ತು ಕಾಗದ ಸರಿಯಿದ್ದರೆ ಎರಡು ವಾರದೊಳಗೆ ಉಡುಪಿಗೇ ಬಂದು, ವಾಚು ನೋಡಿ, ಬ್ಯಾಂಕ್ ಮೂಲಕ ಹಣ ಕೊಡುತ್ತೇನೆ.

1. ಡಯಲನ್ನು ನೇರ ಮೇಲಿನಿಂದ ತೆಗೆದ ಒಂದು ಫೋಟೊ. ಮುಳ್ಳುಗಳನ್ನು 8:50ಕ್ಕೆ ಇಡಿ. ತಾರೀಕಿನ ಅಂಕಿ ತಿರುಗಿಸಬೇಡಿ, ಎಷ್ಟಿದ್ದರೂ ಸರಿ. ಪಕ್ಕದಲ್ಲಿ ಒಂದು ಚೀಟಿಯ ಮೇಲೆ ಇವತ್ತಿನ ದಿನಾಂಕ ಮತ್ತು ‘ನೇರಳೆ’ ಎಂಬ ಪದ ಬರೆದಿಡಿ.

2. ವಾಚಿನ ಎರಡೂ ಪಕ್ಕ ಮತ್ತು ಚೈನು ಸೇರುವ ನಾಲ್ಕು ಕೊಂಬುಗಳ ಫೋಟೊ. ಕಿಟಕಿಯ ಹತ್ತಿರ, ಫ್ಲಾಶ್ ಇಲ್ಲದೆ, ಬೆಳಕು ಓರೆಯಾಗಿ ಬೀಳುವಂತೆ ಇದ್ದರೆ ಒಳ್ಳೆಯದು. ಗೀರುಗಳು ಕಂಡರೆ ಅಡ್ಡಿಯಿಲ್ಲ.

3. ಮೂವತ್ತು ಸೆಕೆಂಡಿನ ವಿಡಿಯೊ. ಮೊದಲು ಸೆಕೆಂಡಿನ ಮುಳ್ಳು ಓಡುವುದು, ಆಮೇಲೆ ಕೀಯ ತಿರುಪು ಬಿಚ್ಚಿ ಕೊನೆಯವರೆಗೆ ಎಳೆದಾಗ ಮುಳ್ಳು ನಿಲ್ಲುವುದು ಕಾಣಬೇಕು.

4. ವಾಚನ್ನು ಟ್ಯೂಬ್‌ಲೈಟಿನ ಕೆಳಗೆ ಎರಡು ನಿಮಿಷ ಹಿಡಿದು, ದೀಪ ಆರಿಸಿ, ಕತ್ತಲಲ್ಲಿ ತೆಗೆದ ಫೋಟೊ.

5. ಕೊಂಬಿನ ಅಡಿಯಲ್ಲಿ ಕೊರೆದಿರುವ ಸೀರಿಯಲ್ ಸಂಖ್ಯೆ. ಕೊನೆಯ ಮೂರು ಅಂಕಿಗಳನ್ನು ನೀವು ಮರೆಮಾಡಿಯೇ ಕಳಿಸಿ. ಗ್ಯಾರಂಟಿ ಕಾರ್ಡಿನಲ್ಲೂ ಅದೇ ಮೂರು ಅಂಕಿ ಮುಚ್ಚಿ. ಪೂರ್ತಿ ಸಂಖ್ಯೆಯನ್ನು ಎದುರಿಗೇ ನೋಡುತ್ತೇನೆ.

6. ಗ್ಯಾರಂಟಿ ಕಾರ್ಡಿನ ಎರಡೂ ಮುಖ, ಜೊತೆಗೆ ಬಂದ ಬೇರೆ ಕಾರ್ಡುಗಳು, ಕೊಂಡ ಬಿಲ್ಲು, ಸರ್ವಿಸ್ ಮಾಡಿಸಿದ ಬಿಲ್ಲು. ಇರುವಷ್ಟು ಸಾಕು. ಇಲ್ಲದ್ದನ್ನು ಇಲ್ಲ ಎಂದೇ ತಿಳಿಸಿ, ಅದರಿಂದ ನನ್ನ ಮನಸ್ಸು ಬದಲಾಗುವುದಿಲ್ಲ.

7. ಚೈನನ್ನು ಅಡ್ಡ ಹಿಡಿದ ಫೋಟೊ, ಮತ್ತು ತೆಗೆದಿಟ್ಟ ಲಿಂಕುಗಳು ಇವೆಯೇ ಎಂಬ ಮಾಹಿತಿ. ನನ್ನ ಮಣಿಕಟ್ಟಿನ ಸುತ್ತಳತೆ 18 ಸೆಂಟಿಮೀಟರ್.

ಹಿಂಬದಿಯ ಮುಚ್ಚಳವನ್ನು ಮನೆಯಲ್ಲಿ ತೆಗೆಯಬೇಡಿ. ನಾನು ಬಂದ ದಿನ ನೀವು ಹೇಳಿದ ರಿಪೇರಿಯವರಲ್ಲೇ ಇಬ್ಬರೂ ಕೂತು ತೆಗೆಸೋಣ, ಖರ್ಚು ನನ್ನದು.

ವಾಚು ಯಾರು, ಯಾವಾಗ, ಎಲ್ಲಿ ಕೊಂಡದ್ದು, ಏನಾದರೂ ಬದಲಾಯಿಸಿದ್ದೀರಾ, ನೀರಿಗಿಳಿಸಿದ್ದಿದೆಯಾ ಎಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆದರೆ ಉಪಕಾರ. ಫೋಟೊಗಳನ್ನು ಇದೇ ಇಮೇಲಿಗೆ ಲಗತ್ತಿಸಿ ಕಳಿಸಿ. ಭಾನುವಾರದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಬೇರೆಯವರು ಬಂದರೆ ದಯವಿಟ್ಟು ಒಂದು ಮಾತು ತಿಳಿಸಿ.

ವಂದನೆಗಳು.”

ಮೊದಲ ಪ್ಯಾರಾದಲ್ಲಿ ತಾನು ಯಾರು, ಎಷ್ಟು ದಿನದಲ್ಲಿ, ಹೇಗೆ ಹಣ ಕೊಡುತ್ತೇನೆ ಎಂದು ಹೇಳಿದ್ದರಿಂದಲೇ ಉಳಿದ ಏಳನ್ನು ಕೇಳುವ ಹಕ್ಕು ಬಂತು ಎಂದು ನನ್ನ ಎಣಿಕೆ. ಮಾರುವವರಿಗೆ ದಿನಕ್ಕೆ ಹತ್ತು ಜನ ‘ಲಾಸ್ಟ್ ಎಷ್ಟು’ ಎಂದು ಕೇಳಿ ಮಾಯವಾಗುತ್ತಾರೆ. ಅಂಥವರಿಗಾಗಿ ಅವರು ಮಧ್ಯಾಹ್ನದ ನಿದ್ದೆ ಬಿಟ್ಟು ಕಿಟಕಿಯ ಬಳಿ ವಾಚು ಹಿಡಿದು ನಿಲ್ಲಬೇಕೇ? ಅಂಕಿ ಹಾಕಿ ಕೇಳಿದ್ದೂ ಅವರ ಅನುಕೂಲಕ್ಕೆ. ಒಂದೊಂದೇ ಮುಗಿಸಿ ಗುರುತು ಹಾಕಿಕೊಳ್ಳಬಹುದು.

ಇನ್ನು 8:50ರ ವಿಷಯ. ಜಾಹೀರಾತಿನ ವಾಚುಗಳೆಲ್ಲ ಸಾಮಾನ್ಯವಾಗಿ 10:10ರ ಆಸುಪಾಸಿನಲ್ಲಿ ನಿಂತಿರುತ್ತವೆ. ಕದ್ದ ಫೋಟೊ ಹಾಕಿದವರ ಬಳಿ ಬೇರೆ ಸಮಯ ತೋರಿಸುವ ಅದೇ ವಾಚಿನ ಫೋಟೊ ಇರುವುದಿಲ್ಲ. ಚೀಟಿಯೊಂದನ್ನೇ ಕೇಳಿದರೆ ಹಳೆಯ ಫೋಟೊದ ಮೇಲೆ ಅಕ್ಷರ ಕೂರಿಸುವವರಿದ್ದಾರೆ. ಸಮಯವನ್ನೂ ಚೀಟಿಯನ್ನೂ ಒಟ್ಟಿಗೆ ಕೇಳಿದರೆ ಆ ಕೆಲಸ ಕಷ್ಟವಾಗುತ್ತದೆ. ತಾರೀಕು ತಿರುಗಿಸಬೇಡಿ ಎಂದದ್ದು ವಾಚಿನ ಮೇಲಿನ ಕರುಣೆಯಿಂದ. ರಾತ್ರಿ ಎಂಟು ಒಂಬತ್ತರ ಹೊತ್ತಿನಿಂದ ಬೆಳಗಿನ ಜಾವ ಮೂರರವರೆಗೆ ಮುಳ್ಳು ಇರುವಾಗ ಒಳಗಿನ ಚಕ್ರ ತಾರೀಕು ಬದಲಿಸುವ ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ಆಗ ಕೀಯಿಂದ ಒತ್ತಾಯವಾಗಿ ತಾರೀಕು ತಿರುಗಿಸಿದರೆ ಹಲ್ಲು ಮುರಿಯಬಹುದು. 8:50 ಬೆಳಗಿನದೋ ರಾತ್ರಿಯದೋ ಡಯಲು ನೋಡಿ ಗೊತ್ತಾಗುವುದಿಲ್ಲವಲ್ಲ.

ವಿಡಿಯೊ ಕೇಳಿದ್ದರಲ್ಲಿ ಎರಡು ಉದ್ದೇಶ. 2531.80 ಒಳಗಿರುವುದು 1120 ಎಂಬ ಮಷೀನು. ಅದು ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ ಎಂಟು ಬಾರಿ ಮಿಡಿಯುತ್ತದೆ. ಆದ್ದರಿಂದ ಸೆಕೆಂಡಿನ ಮುಳ್ಳು ಜಾರಿದಂತೆ ಓಡುತ್ತದೆ. ಸೆಕೆಂಡಿಗೊಮ್ಮೆ ಟಕ್ಕೆಂದು ಹಾರಿದರೆ ಅದು ಬ್ಯಾಟರಿಯ 2541.80, ಇಲ್ಲವೇ ಬ್ಯಾಟರಿ ತುಂಬಿದ ನಕಲಿ. ಕೀ ಎಳೆದೊಡನೆ ಮುಳ್ಳು ನಿಲ್ಲಬೇಕು, 1120ರಲ್ಲಿ ಆ ವ್ಯವಸ್ಥೆಯಿದೆ. ಅಗ್ಗದ ಕೆಲವು ಮಷೀನುಗಳಲ್ಲಿ ಕೀ ಎಳೆದರೂ ಮುಳ್ಳು ಓಡುತ್ತಲೇ ಇರುತ್ತದೆ. ಮುಚ್ಚಳ ತೆಗೆಯದೆಯೇ ಒಳಗೇನಿದೆ ಎಂಬುದರ ಒಂದಿಷ್ಟು ಸುಳಿವು ಹೀಗೆ ಸಿಗುತ್ತದೆ. ಇದೇ ಪೂರ್ತಿ ಪ್ರಮಾಣ ಎಂದು ಮಾತ್ರ ತಿಳಿಯಬಾರದು. ಸೆಕೆಂಡಿಗೆ ಎಂಟು ಮಿಡಿಯುವ, ಕೀ ಎಳೆದರೆ ನಿಲ್ಲುವ ನಕಲಿ ಮಷೀನೂ ಇದೆ.

ಕತ್ತಲ ಫೋಟೊ ನನಗೆ ಎಲ್ಲಕ್ಕಿಂತ ಇಷ್ಟದ್ದು. ಡಯಲಿನ ಚುಕ್ಕೆ, ಮುಳ್ಳು ಮತ್ತು ಬೆಜೆಲಿನ ಹನ್ನೆರಡರ ಮುತ್ತು, ಈ ಮೂರೂ ಕಡೆ ಹೊಳೆಯುವ ಬಣ್ಣ ತುಂಬಿರುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳ ವಾಚುಗಳಲ್ಲಿ ಅದು ಟ್ರಿಟಿಯಂ ಬೆರೆತ ಬಣ್ಣ. ಡಯಲಿನ ಬುಡದಲ್ಲಿ ‘ಸ್ವಿಸ್ ಮೇಡ್’ ಎಂಬ ಪದಗಳ ಎರಡೂ ಕಡೆ ‘ಟಿ’ ಅಕ್ಷರ ಇದ್ದರೆ ಅದೇ ಗುರುತು. ಟ್ರಿಟಿಯಂ ಸುಮಾರು 12 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಇವತ್ತು ಆ ವಾಚು ಕತ್ತಲಲ್ಲಿ ಹೆಚ್ಚುಕಡಿಮೆ ಕುರುಡು. ದಶಕದ ಕೊನೆಯ ಹೊತ್ತಿಗೆ ಕಂಪನಿಗಳು ಟ್ರಿಟಿಯಂ ಬಿಟ್ಟು, ಬೆಳಕು ಕುಡಿದು ಹೊಳೆಯುವ ಸೂಪರ್ ಲುಮಿನೋವಾ ಎಂಬ ಬಣ್ಣಕ್ಕೆ ಬಂದವು. ‘ಟಿ’ ಅಕ್ಷರ ಹೋಯಿತು. ಈ ಬಣ್ಣ ಇವತ್ತಿಗೂ ಹೊಳೆಯುತ್ತದೆ.

ಈಗ ತಾಳೆ ನೋಡಿ. ‘ಟಿ’ ಇರುವ ಡಯಲು ಕತ್ತಲಲ್ಲಿ ದೀಪಾವಳಿಯಂತೆ ಹೊಳೆದರೆ ಯಾರೋ ಮೇಲೆ ಹೊಸ ಬಣ್ಣ ಬಳಿದಿದ್ದಾರೆ. ಡಯಲು ಕುರುಡಾಗಿದ್ದು ಮುಳ್ಳು ಮಾತ್ರ ಹೊಳೆದರೆ ಮುಳ್ಳು ಬದಲಾಗಿದೆ. ಗ್ಯಾರಂಟಿ ಕಾರ್ಡಿನಲ್ಲಿ 1995 ಎಂದಿದ್ದು ಡಯಲಿನಲ್ಲಿ ‘ಟಿ’ಯೇ ಇಲ್ಲದಿದ್ದರೆ ಸರ್ವಿಸಿನಲ್ಲಿ ಹೊಸ ಡಯಲು ಕೂರಿಸಿರಬಹುದು, ಇಲ್ಲವೇ ಕಾರ್ಡು ಬೇರೆ ವಾಚಿನದ್ದಿರಬಹುದು. ಕಂಪನಿಯವರೇ ಬದಲಿಸಿದ್ದರೆ ಅದು ಮೋಸವಲ್ಲ, ಆದರೆ ಸರ್ವಿಸ್ ಬಿಲ್ಲಿನಲ್ಲಿ ಬರೆದಿರಬೇಕು. ಒಂದು ಫೋಟೊ, ಒಂದು ಕಾರ್ಡು, ಒಂದು ಬಿಲ್ಲು ಮೂರನ್ನೂ ಪಕ್ಕಪಕ್ಕ ಇಟ್ಟಾಗ ಯಾವುದು ಹೊಂದುತ್ತಿಲ್ಲವೋ ಅದು ತಾನೇ ಎದ್ದು ಕಾಣುತ್ತದೆ.

ಸೀರಿಯಲ್ ಸಂಖ್ಯೆಯ ವಿಷಯದಲ್ಲಿ ಕೊಳ್ಳುವವರು ಬಹಳ ಸಲ ಒರಟಾಗುತ್ತಾರೆ. ‘ನಂಬರು ತೋರಿಸಲ್ಲ ಅಂದ್ರೆ ಏನೋ ಇದೆ’ ಎಂದು ಜಗಳಕ್ಕೆ ನಿಲ್ಲುತ್ತಾರೆ. ತೋರಿಸದಿರಲು ನ್ಯಾಯವಾದ ಕಾರಣವಿದೆ. ಅಸಲಿ ಸಂಖ್ಯೆ ಸಿಕ್ಕರೆ ಅದನ್ನೇ ನಕಲಿ ವಾಚಿನ ಮೇಲೆ ಕೊರೆದು, ನಕಲಿ ಕಾರ್ಡಿನ ಮೇಲೆ ಮುದ್ರಿಸುವ ಜನ ಇದ್ದಾರೆ. ಅದಕ್ಕೇ ಕೊನೆಯ ಮೂರು ಮುಚ್ಚಿ ಎಂದದ್ದು. ಈ ವಾಚಿನ ಸಂಖ್ಯೆ ಎಂಟು ಅಂಕಿಯದು. ವಾಚಿನ ಮೊದಲ ಐದೂ ಕಾರ್ಡಿನ ಮೊದಲ ಐದೂ ಒಂದೇ ಇದ್ದರೆ ಬಸ್ಸಿನ ಟಿಕೆಟ್ಟು ಮಾಡಿಸುವಷ್ಟು ನಂಬಿಕೆಗೆ ಸಾಕು. ಕೊರೆದ ಅಂಕಿಗಳು ಬಹಳ ಸಣ್ಣವು, ಬೆಳಕಿಗೆ ಓರೆ ಹಿಡಿದರಷ್ಟೇ ಓದಲು ಬರುತ್ತವೆ. ಮಾರುವವರು ‘ನಂಬರೇ ಇಲ್ಲ’ ಎಂದರೆ ಕಣ್ಣಿಗೆ ಬಿದ್ದಿಲ್ಲ ಎಂದೂ ಆಗಬಹುದು, ಎಲ್ಲಿ ನೋಡಬೇಕೆಂದು ಹೇಳಿಕೊಡಿ. ಆ ಜಾಗ ಉಜ್ಜಿ ನುಣುಪಾಗಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ಕೊಂಡವರೂ ತಪ್ಪಿತಸ್ಥರೇ, ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅದಕ್ಕೆ ಶಿಕ್ಷೆ ಇದೆ.

ಕಾಗದಪತ್ರದಲ್ಲಿ ಯಾವುದಕ್ಕೆ ಎಷ್ಟು ತೂಕ? ಡಬ್ಬಿಗೆ ನಾನು ಏನೂ ಕೊಡುವುದಿಲ್ಲ. ಖಾಲಿ ಡಬ್ಬಿ ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತದೆ. ಗ್ಯಾರಂಟಿ ಕಾರ್ಡಿನಲ್ಲಿ ಮಾದರಿ ಸಂಖ್ಯೆ, ಸೀರಿಯಲ್, ಮಾರಿದ ದಿನಾಂಕ ಮತ್ತು ಅಂಗಡಿಯ ಮುದ್ರೆ ನಾಲ್ಕೂ ಇದ್ದರೆ ಅದಕ್ಕೆ ಬೆಲೆ. ದಿನಾಂಕ ಖಾಲಿ ಬಿಟ್ಟ ಕಾರ್ಡು ಅನುಮಾನ ಹುಟ್ಟಿಸುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು ಸರ್ವಿಸ್ ಬಿಲ್ಲು. ಮಾರುವ ಯೋಚನೆಯೇ ಇಲ್ಲದ ಕಾಲದಲ್ಲಿ ಬರೆದ ಕಾಗದ ಅದು. ಅದರಲ್ಲಿ ಯಾವ ಬಿಡಿಭಾಗ ಹೊಸದು ಎಂಬ ಪಟ್ಟಿ ಇರುತ್ತದೆ, ಸೀರಿಯಲ್ ಸಂಖ್ಯೆಯೂ ಇರುವುದುಂಟು.

ಹಾಗೆಂದು ಕಾಗದವೊಂದನ್ನೇ ನಂಬಿ ಕೆಡಬಾರದು. 2021ರ ನವೆಂಬರಿನಲ್ಲಿ ಜಿನೀವಾದ ಹರಾಜೊಂದರಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ವಾಚು 31 ಲಕ್ಷ ಸ್ವಿಸ್ ಫ್ರಾಂಕಿಗೂ ಮಿಕ್ಕಿ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗೆಂದು. 2023ರಲ್ಲಿ ಆ ವಾಚು ಬೇರೆ ಬೇರೆ ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ್ದೆಂದು ಬಯಲಾಯಿತು. ತನ್ನದೇ ಹಳೆಯ ನೌಕರರ ಕೈವಾಡ ಅದರಲ್ಲಿದೆ ಎಂದು ಕಂಪನಿ ಹೇಳಿತು. ಕಟ್ಟಿದವರೇ ತಮ್ಮ ವಾಚಿನ ಬಗ್ಗೆ ಹೀಗೆ ಎಡವಿದರೆ ನಾವು ಮುಚ್ಚಳ ತೆಗೆಸಿ ನೋಡಲು ಸಂಕೋಚಪಡಬೇಕಿಲ್ಲ.

ಎಚ್‌ಎಂಟಿ ಕೊಳ್ಳುವವರಿಗೆ ಇಲ್ಲೊಂದು ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ವಾಚುಗಳಿಗೆ ಇವತ್ತು ಗ್ಯಾರಂಟಿ ಕಾರ್ಡು ಸಿಗುವುದೇ ಅಪರೂಪ. ಅಲ್ಲಿ ಈ ಪತ್ರದ ಆರನೇ ಬೇಡಿಕೆ ಬಿಟ್ಟುಬಿಡಿ. ಬದಲಿಗೆ ಮುಚ್ಚಳ ತೆಗೆದ ಫೋಟೊ, ಡಯಲಿನ ಅಕ್ಷರಗಳ ಹತ್ತಿರದ ಫೋಟೊ ಎರಡನ್ನೇ ಗಟ್ಟಿಯಾಗಿ ಕೇಳಿ. ಕೇಸರಿ, ಗುಲಾಬಿ, ಗಿಳಿಹಸಿರು ಬಣ್ಣದ ‘ಪೈಲಟ್’ ಕಂಡರೆ, ಹಳೆಯ ಡಯಲನ್ನು ಕೆರೆದು ಹೊಸದಾಗಿ ಮುದ್ರಿಸಿದ್ದೆಂದೇ ಮೊದಲು ಎಣಿಸಿ. ಅಂಥ ಮುದ್ರಣದಲ್ಲಿ ಅಕ್ಷರದ ಅಂಚು ದಪ್ಪಗೆ ಹರಡಿರುತ್ತದೆ, ನಿಮಿಷದ ಗೆರೆಗಳು ಡಯಲಿನ ಅಂಚಿಗೆ ಸಮವಾಗಿ ಕೂತಿರುವುದಿಲ್ಲ. ಒಂದು ಕಾಲಕ್ಕೆ ಅಂಥದ್ದೊಂದನ್ನು ಅಪರೂಪದ್ದೆಂದು ನಾನೂ ಕೊಂಡಿದ್ದೆ. ಈಗ ಅದು ಅಡುಗೆಮನೆಯ ಮೊಳೆಗೆ ನೇತಾಡುತ್ತದೆ, ಅನ್ನ ಬೇಯುವ ಹೊತ್ತು ಸರಿಯಾಗಿ ಹೇಳುತ್ತದೆ.

ಉಡುಪಿಯಿಂದ ಶನಿವಾರ ರಾತ್ರಿ ಉತ್ತರ ಬಂತು. ಹನ್ನೊಂದು ಫೋಟೊ, ಒಂದು ವಿಡಿಯೊ. ‘ನೇರಳೆ’ ಎಂಬ ಚೀಟಿ ನೀಟಾದ ಕೈಬರಹದಲ್ಲಿತ್ತು. ವಾಚು ಅಪ್ಪನದು, ಅವರು ದುಬೈಯಲ್ಲಿದ್ದಾಗ 1999ರ ಮಾರ್ಚಿನಲ್ಲಿ ಕೊಂಡದ್ದು, ಈಗ ಕೈ ನಡುಗುವುದರಿಂದ ಭಾರದ ವಾಚು ಕಟ್ಟುವುದಿಲ್ಲ ಎಂದು ಮಗ ಬರೆದಿದ್ದರು. ಕಾರ್ಡಿನಲ್ಲಿ ಮಾದರಿ ಸಂಖ್ಯೆ, ದಿನಾಂಕ, ದುಬೈ ಅಂಗಡಿಯ ಮುದ್ರೆ ಎಲ್ಲ ಇದ್ದವು. ಮೊದಲ ಐದು ಅಂಕಿ ತಾಳೆಯಾದವು. ಡಯಲಿನಲ್ಲಿ ‘ಟಿ’ ಇರಲಿಲ್ಲ, 1999ಕ್ಕೆ ಅದು ಸರಿ. ಕೊಂಡ ಬಿಲ್ಲು ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. 2013ರ ಒಂದು ಸರ್ವಿಸ್ ಚೀಟಿ ಇತ್ತು, ಅದರಲ್ಲಿ ‘ಗಾಜು, ಕೀ ಬದಲು’ ಎಂದಷ್ಟೇ ಇತ್ತು.

ಕತ್ತಲ ಫೋಟೊದಲ್ಲಿ ಡಯಲು, ಮುಳ್ಳು ಒಂದೇ ಹದದಲ್ಲಿ ಹಸಿರಾಗಿ ಹೊಳೆಯುತ್ತಿದ್ದವು. ಆದರೆ ಬೆಜೆಲಿನ ಮುತ್ತಿನ ಜಾಗ ಕಪ್ಪು. ಹಗಲಿನ ಫೋಟೊ ಹಿಗ್ಗಿಸಿ ನೋಡಿದರೆ ಅಲ್ಲಿ ಮುತ್ತು ಉದುರಿಹೋಗಿ ಗುಳಿ ಮಾತ್ರ ಉಳಿದಿತ್ತು. ಮೊದಲು ಹಾಕಿದ್ದ ನುಣ್ಣನೆಯ ಫೋಟೊದಲ್ಲಿ ಮುತ್ತು ಇತ್ತು. ಅಂದರೆ ಆ ಫೋಟೊ ಈ ವಾಚಿನದಲ್ಲ. ಅಕ್ಕನ ಮಗ ಅಲ್ಲಿಗೇ ಬಿಟ್ಟುಬಿಡಲು ಹೊರಟಿದ್ದ. ಬೈಯದೆ ಕೇಳಿ ನೋಡು ಎಂದೆ. ‘ಮೊದಲ ಫೋಟೊದಲ್ಲಿ ಹನ್ನೆರಡರ ಮೇಲೆ ಮುತ್ತು ಇದೆ, ನೀವು ಈಗ ಕಳಿಸಿದ್ದರಲ್ಲಿ ಇಲ್ಲ. ಯಾವುದು ಸರಿ ಸರ್?’ ಎಂದು ಎರಡು ಸಾಲು ಬರೆದ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಚೆನ್ನಾಗಿ ಕಾಣಲೆಂದು ಅದನ್ನು ಗೂಗಲ್‌ನಿಂದ ತೆಗೆದು ಹಾಕಿದ್ದು, ತಪ್ಪಾಯಿತು, ಈಗ ತೆಗೆದಿದ್ದೇನೆ ಎಂದಿದ್ದರು. ಹೀಗೆ ಮಾಡುವ ಸಾಚಾ ಜನ ನೀವು ಎಣಿಸಿದ್ದಕ್ಕಿಂತ ಹೆಚ್ಚು. ನನಗೆ ಎಚ್ಚರಿಕೆಯ ಗಂಟೆ ಬಾರಿಸುತ್ತಿದ್ದದ್ದು ಆ ಪ್ರಶ್ನೆಗೆ ಸಿಟ್ಟು, ಇಲ್ಲವೇ ‘ಇನ್ನೊಬ್ಬರು ಟೋಕನ್ ಕೊಡೋಕೆ ರೆಡಿ ಇದ್ದಾರೆ, ಇವತ್ತೇ ಹತ್ತು ಸಾವಿರ ಹಾಕಿ’ ಎಂಬ ಅವಸರ ಬಂದಿದ್ದರೆ. ವಾಚು ನೋಡುವ ಮುನ್ನ ಟೋಕನ್ ಕೊಡಬಾರದು.

ಮುಂದಿನ ವಾರ ಇಬ್ಬರೂ ರಾತ್ರಿ ಬಸ್ಸು ಹಿಡಿದು ಉಡುಪಿಗೆ ಹೋದೆವು. ರಥಬೀದಿಯ ಹತ್ತಿರ ತಿಂಡಿ ತಿಂದು, ಅಪ್ಪ ಮಗ ಇಬ್ಬರೊಂದಿಗೆ ರಿಪೇರಿಯವರ ಬಳಿ ಕೂತೆವು. ಪೂರ್ತಿ ಸಂಖ್ಯೆ ಭೂತಗನ್ನಡಿಯಲ್ಲಿ ನೋಡಿದೆವು, ಎಂಟಕ್ಕೆ ಎಂಟೂ ಸರಿ. ಮುಚ್ಚಳ ತಿರುಗಿಸಿ ತೆಗೆದಾಗ ಒಳಗೆ ತಾಮ್ರದ ಕಳೆಯ ಮಷೀನು, ಮೇಲೆ 1120 ಎಂಬ ಅಂಕಿ, 23 ಕಲ್ಲು ಎಂಬ ಬರಹ ಇತ್ತು. ತುಕ್ಕಿನ ಗುರುತಿರಲಿಲ್ಲ, ಅಂದರೆ ನೀರು ಒಳಹೊಕ್ಕಿಲ್ಲ.

ಆಮೇಲೆ ಅವರು ವಾಚಿಗೆ ಪೂರ್ತಿ ಕೀ ಕೊಟ್ಟು ಟೈಮ್‌ಗ್ರಾಫರ್ ಯಂತ್ರದ ಮೇಲೆ ಕೂರಿಸಿದರು. ಅದು ಟಿಕ್ ಟಿಕ್ ಸದ್ದು ಕೇಳಿ, ದಿನಕ್ಕೆ ಎಷ್ಟು ಸೆಕೆಂಡು ಹೆಚ್ಚು ಕಡಿಮೆ ಎಂಬುದನ್ನೂ, ಒಳಗಿನ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತಿದೆ ಎಂಬುದನ್ನೂ ತೋರಿಸುತ್ತದೆ. ದಿನಕ್ಕೆ ಒಂಬತ್ತು ಸೆಕೆಂಡು ಮುಂದೆ ಓಡುತ್ತಿತ್ತು. ಹೊಸದರಲ್ಲಿ ಕ್ರೋನೋಮೀಟರ್ ಪರೀಕ್ಷೆ ಪಾಸಾಗಲು ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಇದರೊಳಗಿರಬೇಕು. ಅದಕ್ಕಿಂತ ಮುಖ್ಯವಾದದ್ದು ತೂಗುವ ಡಿಗ್ರಿ. ಡಯಲು ಮೇಲಾಗಿ ಮಲಗಿಸಿದಾಗ ಗಟ್ಟಿಮುಟ್ಟಾದ ವಾಚು 270ರ ಮೇಲೆ ತೂಗುತ್ತದೆ. ಇದು 212 ತೋರಿಸಿತು. ‘ಎಣ್ಣೆ ಒಣಗಿದೆ ಮಾರಾಯ್ರೆ, ಹೀಗೇ ಓಡಿಸಿದ್ರೆ ಸವೀತದೆ’ ಎಂದರು ರಿಪೇರಿಯವರು. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿ, ರಬ್ಬರ್ ಉಂಗುರ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸಲು 22,000 ರೂಪಾಯಿಯ ಅಂದಾಜು ಹೇಳಿದರು. ಆ ಪರೀಕ್ಷೆ ಆಗುವವರೆಗೆ ಕೈ ತೊಳೆಯುವಾಗಲೂ ಬಿಚ್ಚಿಡಿ ಎಂದರು. ಡಯಲಿನ ಮೇಲೆ 300 ಮೀಟರ್ ಎಂದು ಬರೆದಿದ್ದರೂ ಒಮ್ಮೆ ಮುಚ್ಚಳ ತೆಗೆದ ಮೇಲೆ ಅದಕ್ಕೆ ಬೆಲೆಯಿಲ್ಲ.

ಚೌಕಾಸಿಗೆ ಅಲ್ಲಿ ಮಾತೇ ಬೇಕಾಗಲಿಲ್ಲ. ಯಂತ್ರದ ಅಂಕಿ ನಾಲ್ವರಿಗೂ ಕಾಣುತ್ತಿತ್ತು, ಮುತ್ತಿಲ್ಲದ ಬೆಜೆಲೂ ಕಾಣುತ್ತಿತ್ತು. ಆ ಹಿರಿಯರೇ ‘ಒಂದೂವರೆ ಕೊಡಿ ಸಾಕು’ ಎಂದರು. ಬ್ಯಾಂಕ್ ಮೂಲಕ ಹಣ ಹೋಯಿತು. ಒಂದು ಬಿಳಿ ಹಾಳೆಯ ಮೇಲೆ ಮಾದರಿ ಸಂಖ್ಯೆ, ಪೂರ್ತಿ ಸೀರಿಯಲ್, ಮೊತ್ತ, ದಿನಾಂಕ, ವಾಚು ತಮ್ಮ ಸ್ವಂತದ್ದು ಎಂಬ ಒಂದು ಸಾಲು ಬರೆದು ಅವರೂ ಇವನೂ ಸಹಿ ಹಾಕಿದರು. ಜೊತೆಗೆ ಇಬ್ಬರ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟರು. ಬಿಲ್ಲಿಲ್ಲದ ವಾಚಿಗೆ ಇನ್ನು ಮುಂದೆ ಇದೇ ಬಿಲ್ಲು.

ಏಳನೆಯ ಪ್ರಶ್ನೆಯೊಂದು ಬಾಕಿ ಉಳಿದಿತ್ತು. ತೆಗೆದಿಟ್ಟ ಲಿಂಕುಗಳು ಎಲ್ಲೋ ಇವೆ, ಹುಡುಕಬೇಕು ಎಂದಿದ್ದರು. ಹಿರಿಯರ ಮಣಿಕಟ್ಟು ಸಣ್ಣದು, ಚೈನು ಅಕ್ಕನ ಮಗನ ಕೈಗೆ ಬಿಗಿಯಾಗುತ್ತಿತ್ತು. ಈ ಮಾದರಿಗೆ ಬಿಡಿ ಲಿಂಕು ಬೇರೆಯಾಗಿ ಹುಡುಕಿ ಕೊಳ್ಳುವುದು ತಲೆನೋವಿನ ಕೆಲಸ, ಅದಕ್ಕೇ ಕೇಳಿದ್ದು. ಹದಿನೈದು ದಿನ ಬಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಒಂದು ಮಾತ್ರೆ ಡಬ್ಬಿ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಎರಡು ಲಿಂಕು, ಜೊತೆಗೊಂದು ಚೀಟಿ: ‘ಹಳೆ ಪಾಸ್‌ಪೋರ್ಟಿನ ಕವರಿನಲ್ಲಿ ಸಿಕ್ಕಿತು.’